ಆವರ್ತ ಕೋಷ್ಟಕದ ಪ್ರವೃತ್ತಿಗಳು ಮತ್ತು ಅಪವಾದಗಳು: ಸಿಇಟಿ, ನೀಟ್‌ಗಾಗಿ ಒಂದೇ ಹಾಳೆಯ ಹೋಲಿಕೆ ಪಟ್ಟಿಯನ್ನು ಕಾರಣಸಹಿತ ಸಿದ್ಧಪಡಿಸುವ ಬಗೆ

ಪ್ರಥಮ ಪಿಯುಸಿಯಲ್ಲಿ ಧಾತುಗಳ ವರ್ಗೀಕರಣದ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳ ನೋಟ್ಸ್ ತೆರೆದು ನೋಡಿದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ ಚಿತ್ರ ಕಾಣುತ್ತದೆ. ಒಂದು ಚೌಕ, ಅದರ ಮೇಲೆ ಎಡದಿಂದ ಬಲಕ್ಕೆ ಒಂದು ಬಾಣ, ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇನ್ನೊಂದು ಬಾಣ, ಬಾಣದ ಮೇಲೆ ‘ಹೆಚ್ಚುತ್ತದೆ’ ಅಥವಾ ‘ಕಡಿಮೆಯಾಗುತ್ತದೆ’ ಎಂಬ ಮಾತು. ಈ ಚಿತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರವೇಶ ಪರೀಕ್ಷೆಯ ಪ್ರಶ್ನೆ ಹುಟ್ಟುವುದು ಸಾಮಾನ್ಯವಾಗಿ ಬಾಣ ಸರಿಯಾಗಿ ಸಾಗುವ ಜಾಗದಲ್ಲಲ್ಲ, ಅದು ಮುರಿಯುವ ಜಾಗದಲ್ಲಿ. ನೈಟ್ರೋಜನ್ ಮತ್ತು ಆಕ್ಸಿಜನ್, ಫ್ಲೋರಿನ್ ಮತ್ತು ಕ್ಲೋರಿನ್, ಅಲ್ಯೂಮಿನಿಯಂ ಮತ್ತು ಗ್ಯಾಲಿಯಂ ಇಂಥ ಜೋಡಿಗಳು ಪ್ರಶ್ನೆಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ.

ಹಾಗೆಂದು ಅಪವಾದಗಳನ್ನು ಉದ್ದದ ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ದಾರಿಯಲ್ಲ. ಹಾಗೆ ಮಾಡಿದವರು ಜೋಡಿಯನ್ನು ನೆನಪಿಟ್ಟುಕೊಳ್ಳುತ್ತಾರೆ, ಯಾವುದು ಹೆಚ್ಚು ಯಾವುದು ಕಡಿಮೆ ಎಂಬಲ್ಲಿ ಎಡವುತ್ತಾರೆ. ಪಠ್ಯದಲ್ಲಿ ಬರುವ ಮುಖ್ಯ ಅಪವಾದಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದರೆ ಅವುಗಳ ಹಿಂದೆ ಕೇವಲ ನಾಲ್ಕು ಕಾರಣಗಳು ಮರಳಿ ಮರಳಿ ಸಿಗುತ್ತವೆ. ಆದ್ದರಿಂದ ಹಾಳೆಯನ್ನು ಗುಣಗಳ ಮೇಲೆ ಮಾತ್ರವಲ್ಲದೆ ಕಾರಣಗಳ ಮೇಲೆ ಕಟ್ಟಬೇಕು ಎಂಬುದು ನನ್ನ ಅಭಿಪ್ರಾಯ. ಅದನ್ನು ಹೇಗೆ ಕಟ್ಟುವುದೆಂದು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ.

ಹಾಳೆಯ ವಿನ್ಯಾಸ

ಒಂದು ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ನಾಲ್ಕು ಕಂಬಸಾಲು ಎಳೆಯಿರಿ. ಮೊದಲನೆಯದರಲ್ಲಿ ಗುಣ, ಎರಡನೆಯದರಲ್ಲಿ ಅಪವಾದದ ಜೋಡಿ, ಮೂರನೆಯದರಲ್ಲಿ ಆ ಎರಡರ ಅಂಕಿ, ನಾಲ್ಕನೆಯದರಲ್ಲಿ ಕಾರಣ ಇರಲಿ. ಕಾರಣದ ಕಂಬಸಾಲು ಹಾಳೆಯ ಬಲ ಅಂಚಿಗೇ ಬರುವಂತೆ ನೋಡಿಕೊಳ್ಳಿ. ಓದುವಾಗ ಅದನ್ನು ಮಡಚಿ ಮುಚ್ಚಿಡಲು ಅನುಕೂಲವಾಗುತ್ತದೆ. ಅಂಕಿಗಳನ್ನು ನಿಮ್ಮ ಪಠ್ಯಪುಸ್ತಕ ಒಂದರಿಂದಲೇ ತೆಗೆದುಕೊಳ್ಳಿ. ಬೇರೆ ಬೇರೆ ಪುಸ್ತಕಗಳಲ್ಲಿ ತ್ರಿಜ್ಯದ ಅಂಕಿಗಳು ಸ್ವಲ್ಪ ಬೇರೆಯಾಗಿರುವುದರಿಂದ ಎರಡು ಕಡೆಯ ಅಂಕಿಗಳನ್ನು ಬೆರೆಸಿದರೆ ಇಲ್ಲದ ಅಪವಾದವೊಂದು ಹಾಳೆಯಲ್ಲಿ ಹುಟ್ಟಿಕೊಳ್ಳುವ ಸಾಧ್ಯತೆ ಇರುತ್ತದೆ.

ಮೊದಲ ಹೆಜ್ಜೆ: ಬಾಣದ ಹಿಂದಿನ ಕಾರಣ

ಅಪವಾದಕ್ಕೆ ಕಾರಣ ಹೇಳಬೇಕಾದರೆ ಮೊದಲು ನಿಯಮಕ್ಕೆ ಕಾರಣ ಗೊತ್ತಿರಬೇಕು. ಹಾಳೆಯ ನೆತ್ತಿಯ ಮೇಲೆ ಎರಡೇ ವಾಕ್ಯ ಬರೆಯಿರಿ. ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಹೊಸ ಎಲೆಕ್ಟ್ರಾನ್ ಅದೇ ಕವಚಕ್ಕೆ ಸೇರುತ್ತದೆ, ಒಂದೇ ಕವಚದ ಎಲೆಕ್ಟ್ರಾನುಗಳು ಒಂದನ್ನೊಂದು ನ್ಯೂಕ್ಲಿಯಸ್ಸಿನಿಂದ ಚೆನ್ನಾಗಿ ಮರೆಮಾಡಲಾರವು, ಹೀಗಾಗಿ ಹೊರಗಿನ ಎಲೆಕ್ಟ್ರಾನಿಗೆ ತಾಗುವ ಪರಿಣಾಮಕಾರಿ ನ್ಯೂಕ್ಲಿಯರ್ ಆವೇಶ ಹೆಚ್ಚುತ್ತ ಹೋಗುತ್ತದೆ. ಗುಂಪಿನಲ್ಲಿ ಮೇಲಿನಿಂದ ಕೆಳಕ್ಕೆ ಬಂದಂತೆ ಹೊಸ ಕವಚವೇ ಸೇರುವುದರಿಂದ ಹೊರಗಿನ ಎಲೆಕ್ಟ್ರಾನ್ ದೂರವಾಗುತ್ತದೆ, ಒಳಗಿನ ಕವಚಗಳು ಅದಕ್ಕೆ ಗಟ್ಟಿಯಾದ ಮರೆಯಾಗುತ್ತವೆ.

ಬಲಕ್ಕೆ ಹೋದಂತೆ ಪರಮಾಣು ಕುಗ್ಗುವುದು, ಎಲೆಕ್ಟ್ರಾನನ್ನು ಕೀಳಲು ಹೆಚ್ಚು ಶಕ್ತಿ ಬೇಕಾಗುವುದು, ಹೊಸ ಎಲೆಕ್ಟ್ರಾನ್ ಸೇರಿದಾಗ ಹೆಚ್ಚು ಶಕ್ತಿ ಹೊರಬರುವುದು, ಈ ಮೂರೂ ಮೊದಲ ವಾಕ್ಯದಿಂದಲೇ ಬರುತ್ತವೆ. ಕೆಳಕ್ಕೆ ಬಂದಂತೆ ಈ ಮೂರೂ ತಿರುಗುಮುರುಗಾಗುವುದು ಎರಡನೆಯ ವಾಕ್ಯದ ಫಲ. ಇನ್ನು ಮುಂದೆ ಬರುವ ಪ್ರತಿ ಅಪವಾದದಲ್ಲೂ ‘ಈ ಎರಡು ವಾಕ್ಯಗಳಲ್ಲಿ ಯಾವುದು ಇಲ್ಲಿ ಕೈಕೊಟ್ಟಿತು?’ ಎಂದು ಕೇಳಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಎರಡನೆಯ ಆವರ್ತವನ್ನು ಗ್ರಾಫ್ ಹಾಳೆಯಲ್ಲಿ ಎಳೆಯುವುದು

ಅಪವಾದವನ್ನು ಪುಸ್ತಕ ಹೇಳುವ ಮೊದಲು ಸ್ವಂತ ಕಣ್ಣಿನಿಂದ ಕಾಣುವುದು ಒಳ್ಳೆಯದು. ಎರಡನೆಯ ಆವರ್ತದ ಮೊದಲ ಅಯಾನೀಕರಣ ಎಂಥಾಲ್ಪಿಗಳು ಹೀಗಿವೆ. ಎಲ್ಲವೂ ಪ್ರತಿ ಮೋಲ್‌ಗೆ ಕಿಲೋಜೂಲ್‌ಗಳಲ್ಲಿವೆ: ಲಿಥಿಯಂ 520, ಬೆರಿಲಿಯಂ 899, ಬೋರಾನ್ 801, ಕಾರ್ಬನ್ 1086, ನೈಟ್ರೋಜನ್ 1402, ಆಕ್ಸಿಜನ್ 1314, ಫ್ಲೋರಿನ್ 1681, ನಿಯಾನ್ 2080.

ಗ್ರಾಫ್ ಹಾಳೆಯ ಲಂಬ ಅಕ್ಷದಲ್ಲಿ ಒಂದು ಸೆಂಟಿಮೀಟರಿಗೆ 200 ಕಿಲೋಜೂಲ್ ಎಂದು ಇಟ್ಟುಕೊಂಡರೆ ಲಿಥಿಯಂ 2.6 ಸೆಂ.ಮೀ. ಎತ್ತರದಲ್ಲಿ, ಬೆರಿಲಿಯಂ ಸುಮಾರು 4.5ರಲ್ಲಿ, ಬೋರಾನ್ 4.0ರಲ್ಲಿ ಬರುತ್ತದೆ. ಚುಕ್ಕೆಗಳನ್ನು ಪೆನ್ಸಿಲಿನಿಂದ ಸೇರಿಸುತ್ತ ಹೋದಾಗ ಏರುತ್ತಿದ್ದ ಗೆರೆ ಬೋರಾನಿನಲ್ಲಿ ಅರ್ಧ ಸೆಂಟಿಮೀಟರ್ ಕುಸಿದು ಮತ್ತೆ ಏಳುತ್ತದೆ; 7.0ಕ್ಕೆ ಏರಿದ ನೈಟ್ರೋಜನಿನ ಬಳಿಕ ಆಕ್ಸಿಜನಿನಲ್ಲಿ 6.6ಕ್ಕೆ ಇಳಿದು ಮತ್ತೆ ಏಳುತ್ತದೆ. ಗೆರೆಯಲ್ಲಿ ಇರುವುದು ಈ ಎರಡು ತಗ್ಗುಗಳು ಮಾತ್ರ.

ಈ ಗೆರೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ, ಅದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಬೋರಾನ್ ಕುಸಿದರೂ ಲಿಥಿಯಂಗಿಂತ ಮೇಲೆಯೇ ಇದೆ. ಬೆರಿಲಿಯಂ ಏರಿದರೂ ಕಾರ್ಬನ್ನನ್ನು ದಾಟಿಲ್ಲ. ನೈಟ್ರೋಜನ್ ಆಕ್ಸಿಜನ್ನನ್ನು ಹಿಂದಿಕ್ಕಿದರೂ ಫ್ಲೋರಿನ್ನಿನ ಕೆಳಗೇ ಇದೆ. ಇಲ್ಲಿ ಅಪವಾದ ಎಂದರೆ ಅಕ್ಕಪಕ್ಕದ ಇಬ್ಬರು ಜಾಗ ಬದಲಿಸಿಕೊಳ್ಳುವುದು, ಅಷ್ಟೆ. ತರಗತಿಯಲ್ಲಿ ನಾನು ಕಂಡ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ: ‘ನೈಟ್ರೋಜನ್ ಅಪವಾದ’ ಎಂಬುದು ನೆನಪಿರುತ್ತದೆ, ಆ ಧೈರ್ಯದ ಮೇಲೆ ಅದನ್ನು ಫ್ಲೋರಿನ್ನಿಗಿಂತಲೂ ಮೇಲೆ ಬರೆದುಬಿಡುತ್ತಾರೆ. ಆದ್ದರಿಂದ ಹಾಳೆಯಲ್ಲಿ ಪೂರ್ಣ ಕ್ರಮವನ್ನೂ ಬರೆಯಿರಿ:

Li < B < Be < C < O < N < F < Ne

ಮೂರನೆಯ ಆವರ್ತಕ್ಕೂ ಇದೇ ಅಚ್ಚು: Na < Al < Mg < Si < S < P < Cl < Ar.

ಮೂರನೆಯ ಹೆಜ್ಜೆ: ಆ ಎರಡು ತಗ್ಗುಗಳಿಗೆ ಎರಡು ಬೇರೆ ಕಾರಣ

ಮೊದಲ ತಗ್ಗಿನ ಕಾರಣವನ್ನು ಹಾಳೆಯಲ್ಲಿ ‘ಆರ್ಬಿಟಲ್ ಬದಲು’ ಎಂದು ಬರೆಯಿರಿ. ಇದು ಕಾರಣ 1. ಬೆರಿಲಿಯಂನಿಂದ ಕೀಳುವುದು 2s ಎಲೆಕ್ಟ್ರಾನನ್ನು, ಬೋರಾನಿನಿಂದ ಕೀಳುವುದು 2p ಎಲೆಕ್ಟ್ರಾನನ್ನು. 2s ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಹತ್ತಿರದವರೆಗೆ ನುಸುಳುತ್ತದೆ, ಹಾಗಾಗಿ ಅದರ ಮೇಲೆ ಹಿಡಿತ ಹೆಚ್ಚು. 2p ಎಲೆಕ್ಟ್ರಾನ್ ಅಷ್ಟು ಒಳಗೆ ಹೋಗುವುದಿಲ್ಲ. ಒಳಗಿನ ಎಲೆಕ್ಟ್ರಾನುಗಳು ಅದಕ್ಕೆ ಇನ್ನೂ ಹೆಚ್ಚು ಮರೆಯಾಗುತ್ತವೆ. ಬೋರಾನಿನ ನ್ಯೂಕ್ಲಿಯಸ್ಸಿನಲ್ಲಿ ಒಂದು ಪ್ರೋಟಾನ್ ಹೆಚ್ಚಿದ್ದರೂ ಎಲೆಕ್ಟ್ರಾನ್ ಸಡಿಲವಾದ ಮನೆಯಲ್ಲಿ ಕೂತಿರುವುದರಿಂದ ಸುಲಭವಾಗಿ ಹೊರಬರುತ್ತದೆ. ಮೆಗ್ನೀಸಿಯಂ 737, ಅಲ್ಯೂಮಿನಿಯಂ 577 ಎಂಬುದಕ್ಕೂ ಇದೇ ಕಾರಣ, 2ರ ಬದಲು 3 ಹಾಕಿ ಓದಿಕೊಂಡರಾಯಿತು.

ಎರಡನೆಯ ತಗ್ಗಿಗೆ ‘ಜೋಡಿ’ ಎಂದು ಬರೆಯಿರಿ. ಇದು ಕಾರಣ 2. ನೈಟ್ರೋಜನಿನ ಮೂರು 2p ಎಲೆಕ್ಟ್ರಾನುಗಳು ಮೂರು ಆರ್ಬಿಟಲ್‌ಗಳಲ್ಲಿ ಒಂದೊಂದಾಗಿ ಇರುತ್ತವೆ. ಆಕ್ಸಿಜನಿನ ನಾಲ್ಕನೆಯ 2p ಎಲೆಕ್ಟ್ರಾನಿಗೆ ಬೇರೆ ಖಾಲಿ ಜಾಗ ಇಲ್ಲದೆ, ಈಗಾಗಲೇ ಒಂದು ಎಲೆಕ್ಟ್ರಾನ್ ಇರುವ ಆರ್ಬಿಟಲ್‌ನಲ್ಲೇ ಜೋಡಿಯಾಗಬೇಕಾಗುತ್ತದೆ. ಒಂದೇ ಆರ್ಬಿಟಲ್‌ನಲ್ಲಿರುವ ಎರಡರ ನಡುವಿನ ವಿಕರ್ಷಣೆ ಹೆಚ್ಚು. ಆ ವಿಕರ್ಷಣೆಯೇ ಒಂದನ್ನು ಹೊರಗೆ ತಳ್ಳಲು ನೆರವಾಗುತ್ತದೆ.

ಇಲ್ಲಿ ‘ಅರ್ಧ ತುಂಬಿದ ಉಪಕವಚ ಸ್ಥಿರ’ ಎಂಬ ಸಿದ್ಧ ವಾಕ್ಯವನ್ನೇ ಕಾರಣವೆಂದು ಬರೆಯುವ ರೂಢಿ ಇದೆ. ಆಯ್ಕೆಯ ಪ್ರಶ್ನೆಯಲ್ಲಿ ಆ ವಾಕ್ಯ ಬಂದರೆ ಗುರುತಿಸುವಷ್ಟು ಅದನ್ನು ತಿಳಿದಿರಿ, ಆದರೆ ಯೋಚಿಸುವಾಗ ಜೋಡಿಯ ವಿಕರ್ಷಣೆಯನ್ನು ಹಿಡಿದೇ ಯೋಚಿಸಿ ಎಂದು ಒತ್ತಿ ಹೇಳುತ್ತೇನೆ. ಏಕೆಂದರೆ ವಿಕರ್ಷಣೆಯನ್ನು ಹಿಡಿದವರಿಗೆ ಅಪವಾದ ಎಲ್ಲಿ ನಿಲ್ಲುತ್ತದೆ ಎಂಬುದೂ ತಿಳಿಯುತ್ತದೆ. ಗುಂಪು 15 ಮತ್ತು 16ನ್ನು ಅಕ್ಕಪಕ್ಕ ಇಟ್ಟು ನೋಡಿ. ನೈಟ್ರೋಜನ್ 1402, ಆಕ್ಸಿಜನ್ 1314, ಅಂತರ 88. ಫಾಸ್ಫರಸ್ 1012, ಸಲ್ಫರ್ 1000, ಅಂತರ 12. ಆರ್ಸೆನಿಕ್ 947, ಸೆಲೆನಿಯಂ 941, ಅಂತರ 6. ಆಂಟಿಮನಿ 834, ಟೆಲ್ಯೂರಿಯಂ 869. ಇಲ್ಲಿಗೆ ಅಪವಾದವೇ ಮಾಯವಾಗಿ ಟೆಲ್ಯೂರಿಯಂ ಮೇಲಾಗಿದೆ. ಕೆಳಕ್ಕೆ ಬಂದಂತೆ ಆರ್ಬಿಟಲ್‌ಗಳು ದೊಡ್ಡವಾಗುತ್ತವೆ, ಅದರೊಳಗಿನ ಜೋಡಿ ದೂರ ದೂರ ಇರಬಲ್ಲದು, ವಿಕರ್ಷಣೆ ಸಡಿಲವಾಗುತ್ತದೆ, ಕೊನೆಗೆ ಹೆಚ್ಚುವರಿ ಪ್ರೋಟಾನೇ ಗೆಲ್ಲುತ್ತದೆ. ಬರಿಯ ‘ಅರ್ಧ ತುಂಬಿದ್ದು ಸ್ಥಿರ’ ಎಂಬ ಮಾತು ಈ ಕುಗ್ಗುವಿಕೆಯನ್ನು ವಿವರಿಸುವುದಿಲ್ಲ, ಏಕೆಂದರೆ ಆಂಟಿಮನಿಯ p ಉಪಕವಚವೂ ಅರ್ಧ ತುಂಬಿದ್ದೇ.

ನಾಲ್ಕನೆಯ ಹೆಜ್ಜೆ: ಎರಡನೆಯ ಅಯಾನೀಕರಣದ ಪ್ರಶ್ನೆಯೊಂದನ್ನು ಬಿಡಿಸುವುದು

ಎರಡನೆಯ ಆವರ್ತದ ಧಾತುಗಳನ್ನು ಎರಡನೆಯ ಅಯಾನೀಕರಣ ಎಂಥಾಲ್ಪಿಯ ಏರಿಕೆಯ ಕ್ರಮದಲ್ಲಿ ಬರೆಯಿರಿ ಎಂದು ಪ್ರಶ್ನೆ ಬಂದಿದೆ ಎಂದುಕೊಳ್ಳೋಣ. ಹೊಸದಾಗಿ ಏನನ್ನೂ ನೆನಪಿಡಬೇಕಿಲ್ಲ. ಎರಡನೆಯ ಎಲೆಕ್ಟ್ರಾನನ್ನು ಕೀಳುವುದು ತಟಸ್ಥ ಪರಮಾಣುವಿನಿಂದಲ್ಲ, ಒಂದು ಧನಾವೇಶ ಹೊತ್ತ ಅಯಾನಿನಿಂದ. ಆದ್ದರಿಂದ ಪ್ರತಿ ಅಯಾನಿನ ಎಲೆಕ್ಟ್ರಾನ್ ವಿನ್ಯಾಸ ತನ್ನ ಎಡಗಡೆಯ ಧಾತುವಿನಂತೆ ಇರುತ್ತದೆ. ಹಾಳೆಯಲ್ಲಿ ಎಂಟು ಸಂಕೇತಗಳನ್ನು ಬರೆದು ಅವುಗಳ ಕೆಳಗೆ ‘ಯಾರಂತೆ’ ಎಂದು ತುಂಬಿಸಿ:

Li⁺ ಹೀಲಿಯಂನಂತೆ, Be⁺ ಲಿಥಿಯಂನಂತೆ, B⁺ ಬೆರಿಲಿಯಂನಂತೆ, C⁺ ಬೋರಾನಿನಂತೆ, N⁺ ಕಾರ್ಬನಿನಂತೆ, O⁺ ನೈಟ್ರೋಜನಿನಂತೆ, F⁺ ಆಕ್ಸಿಜನಿನಂತೆ, Ne⁺ ಫ್ಲೋರಿನ್ನಿನಂತೆ.

ಈಗ ಮೊದಲ ಗ್ರಾಫಿನ ಗೆರೆಯನ್ನೇ ಒಂದು ಮನೆ ಬಲಕ್ಕೆ ಸರಿಸಿದಂತಾಯಿತು. ಲಿಥಿಯಂನಂತೆ ಇರುವ ಬೆರಿಲಿಯಂ ಎಲ್ಲಕ್ಕಿಂತ ಕೆಳಗೆ. ಅಲ್ಲಿ ಬೋರಾನ್ ಬೆರಿಲಿಯಂಗಿಂತ ಕೆಳಗಿದ್ದಂತೆ ಇಲ್ಲಿ ಕಾರ್ಬನ್ ಬೋರಾನಿಗಿಂತ ಕೆಳಗೆ. ಅಲ್ಲಿ ಆಕ್ಸಿಜನ್ ನೈಟ್ರೋಜನಿಗಿಂತ ಕೆಳಗಿದ್ದಂತೆ ಇಲ್ಲಿ ಫ್ಲೋರಿನ್ ಆಕ್ಸಿಜನಿಗಿಂತ ಕೆಳಗೆ. ಲಿಥಿಯಂನ ಎರಡನೆಯ ಎಲೆಕ್ಟ್ರಾನ್ ಒಳಗಿನ 1s ಕವಚದ್ದಾದ್ದರಿಂದ ಅದು ಎಲ್ಲರನ್ನೂ ದಾಟಿ ತುದಿಗೆ ಹೋಗುತ್ತದೆ. ಉತ್ತರ:

Be < C < B < N < F < O < Ne < Li

ಅಂಕಿಗಳಿಂದ ಪರಿಶೀಲಿಸಿ: ಬೆರಿಲಿಯಂ 1757, ಕಾರ್ಬನ್ 2353, ಬೋರಾನ್ 2427, ನೈಟ್ರೋಜನ್ 2856, ಫ್ಲೋರಿನ್ 3374, ಆಕ್ಸಿಜನ್ 3388, ನಿಯಾನ್ 3952, ಲಿಥಿಯಂ 7298. ಕ್ರಮ ತಾಳೆಯಾಯಿತು.

ಆದರೆ ಆಕ್ಸಿಜನ್ ಮತ್ತು ಫ್ಲೋರಿನ್ನಿನ ನಡುವೆ ಉಳಿದ ಅಂತರ ಕೇವಲ 14 ಎಂಬುದನ್ನು ಗಮನಿಸಿ. ಇದೇ ಉಪಾಯವನ್ನು ಮೂರನೆಯ ಆವರ್ತಕ್ಕೆ ಕುರುಡಾಗಿ ಹಚ್ಚಿದರೆ ಸಲ್ಫರಿನ ಎರಡನೆಯ ಎಂಥಾಲ್ಪಿ ಕ್ಲೋರಿನ್ನಿಗಿಂತ ಹೆಚ್ಚಿರಬೇಕು ಎಂದು ಬರುತ್ತದೆ. ವಾಸ್ತವದಲ್ಲಿ ಸಲ್ಫರ್ ಸುಮಾರು 2251, ಕ್ಲೋರಿನ್ ಸುಮಾರು 2297. ಮೊದಲ ಅಯಾನೀಕರಣದಲ್ಲೇ ಫಾಸ್ಫರಸ್ ಮತ್ತು ಸಲ್ಫರಿನ ಅಂತರ 12ಕ್ಕೆ ಇಳಿದಿತ್ತು. ಅಷ್ಟು ತೆಳುವಾದ ಅಪವಾದ ಮುಂದಿನ ಹಂತಕ್ಕೆ ಉಳಿಯಲಿಲ್ಲ. ‘ಬಲಕ್ಕೆ ಸರಿಸುವ’ ಉಪಾಯವನ್ನು ಹಾಳೆಯಲ್ಲಿ ಬರೆಯುವಾಗ ‘ಆವರ್ತ 2ರಲ್ಲಿ ಪೂರ್ತಿ ಹೊಂದುತ್ತದೆ’ ಎಂದು ಪಕ್ಕದಲ್ಲೇ ಗುರುತು ಹಾಕಿ.

ಇದೇ ಯೋಚನೆ ಸಂಕ್ರಮಣ ಧಾತುಗಳಲ್ಲಿ ಒಮ್ಮೆ ಕೈಹಿಡಿಯುತ್ತದೆ. ಕ್ರೋಮಿಯಂನ ಹೊರ ವಿನ್ಯಾಸ 3d⁵4s¹, ಮ್ಯಾಂಗನೀಸ್‌ದು 3d⁵4s². ಒಂದೊಂದು ಎಲೆಕ್ಟ್ರಾನ್ ಹೋದ ಮೇಲೆ ಕ್ರೋಮಿಯಂನಲ್ಲಿ ಉಳಿಯುವುದು 3d⁵ ಮಾತ್ರ, ಮ್ಯಾಂಗನೀಸ್‌ನಲ್ಲಿ ಇನ್ನೂ ಒಂದು 4s ಎಲೆಕ್ಟ್ರಾನ್ ಇದೆ. ಆದ್ದರಿಂದ ಎರಡನೆಯ ಎಲೆಕ್ಟ್ರಾನ್ ಕೀಳಲು ಕ್ರೋಮಿಯಂಗೆ 1592, ಮ್ಯಾಂಗನೀಸ್‌ಗೆ 1509 ಬೇಕು. ತಾಮ್ರ 1958, ಸತು 1734 ಎಂಬುದೂ ಇದೇ ಜಾತಿಯದು.

ಐದನೆಯ ಹೆಜ್ಜೆ: ಎಲೆಕ್ಟ್ರಾನ್ ಗಳಿಕೆ ಎಂಥಾಲ್ಪಿ ಮತ್ತು ಇಕ್ಕಟ್ಟಿನ ಪ್ರಶ್ನೆ

ಈ ಗುಣದಲ್ಲಿ ರಸಾಯನಶಾಸ್ತ್ರಕ್ಕಿಂತ ಚಿಹ್ನೆಯೇ ಹೆಚ್ಚು ಜನರನ್ನು ಬೀಳಿಸುತ್ತದೆ. ಎಲೆಕ್ಟ್ರಾನ್ ಸೇರಿದಾಗ ಶಕ್ತಿ ಹೊರಬಂದರೆ ಅಂಕಿಗೆ ಋಣ ಚಿಹ್ನೆ ಇರುತ್ತದೆ. ಫ್ಲೋರಿನ್ −328, ಕ್ಲೋರಿನ್ −349. ಗಣಿತದ ಪ್ರಕಾರ −328 ದೊಡ್ಡದು. ಆದರೆ ‘ಹೆಚ್ಚು ಋಣಾತ್ಮಕ’ ಯಾವುದು ಎಂದು ಕೇಳಿದರೆ ಉತ್ತರ ಕ್ಲೋರಿನ್. ಪ್ರಶ್ನೆ ಓದುವಾಗ ‘ಋಣಾತ್ಮಕ’ ಎಂಬ ಪದದ ಕೆಳಗೆ ಪೆನ್ನಿನಿಂದ ಗೆರೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ. ಹಾಳೆಯಲ್ಲೂ ಕ್ರಮವನ್ನು ‘ಹೊರಬರುವ ಶಕ್ತಿ’ ಎಂಬ ಶೀರ್ಷಿಕೆಯಡಿ ಬರೆದರೆ ಗೊಂದಲ ಉಳಿಯುವುದಿಲ್ಲ:

Cl (349) > F (328) > Br (325) > I (295)
S (200) > Se (195) > Te (190) > Po (174) > O (141)

ಗುಂಪಿನಲ್ಲಿ ಕೆಳಕ್ಕೆ ಬಂದಂತೆ ಕಡಿಮೆಯಾಗಬೇಕಿತ್ತು. ಆದರೆ ಎರಡೂ ಸಾಲಿನಲ್ಲಿ ಎರಡನೆಯ ಆವರ್ತದ ಸದಸ್ಯ ತನ್ನ ಜಾಗದಿಂದ ಇಳಿದಿದೆ. ಕಾರಣ 3ನ್ನು ‘ಇಕ್ಕಟ್ಟು’ ಎಂದು ಕರೆಯೋಣ. ಫ್ಲೋರಿನ್ ಬಹಳ ಚಿಕ್ಕ ಪರಮಾಣು. ಅದರ ಎರಡನೆಯ ಕವಚದ ಸಣ್ಣ ಜಾಗದಲ್ಲಿ ಈಗಾಗಲೇ ಏಳು ಎಲೆಕ್ಟ್ರಾನುಗಳು ಇವೆ. ಎಂಟನೆಯದು ಒಳಗೆ ಬರುವಾಗ ನ್ಯೂಕ್ಲಿಯಸ್ಸಿನ ಸೆಳೆತದ ಜೊತೆಗೆ ಈ ಏಳರ ವಿಕರ್ಷಣೆಯನ್ನೂ ಎದುರಿಸಬೇಕು, ಹೊರಬರಬೇಕಾದ ಶಕ್ತಿಯ ಒಂದು ಪಾಲು ಅಲ್ಲೇ ಕಳೆದುಹೋಗುತ್ತದೆ. ಕ್ಲೋರಿನ್ನಿನ ಮೂರನೆಯ ಕವಚ ವಿಶಾಲವಾದದ್ದು, ಅಲ್ಲಿ ಈ ನಷ್ಟ ಕಡಿಮೆ. ಎರಡೂ ಗುಂಪುಗಳಲ್ಲಿ ಇಕ್ಕಟ್ಟಿನ ಪರಿಣಾಮ ಒಂದೇ ಪ್ರಮಾಣದಲ್ಲಿಲ್ಲ: ಫ್ಲೋರಿನ್ ಒಂದು ಮೆಟ್ಟಿಲು ಮಾತ್ರ ಇಳಿದು ಬ್ರೋಮಿನ್ನಿನ ಮೇಲೆ ನಿಂತಿದೆ, ಆಕ್ಸಿಜನ್ ತನ್ನ ಗುಂಪಿನ ತಳಕ್ಕೇ ಹೋಗಿದೆ. ಮೊದಲು ಹೇಳಿದ ‘ಅಕ್ಕಪಕ್ಕದವರು ಮಾತ್ರ ಜಾಗ ಬದಲಿಸುತ್ತಾರೆ’ ಎಂಬ ಮಾತು ಆವರ್ತದ ಅಯಾನೀಕರಣಕ್ಕೆ ಸೀಮಿತ ಎಂಬುದನ್ನು ಇದರಿಂದ ತಿಳಿಯಬೇಕು.

O, S, F, Cl ನಾಲ್ಕನ್ನೂ ಒಟ್ಟಿಗೆ ಕೊಟ್ಟು ಹೊರಬರುವ ಶಕ್ತಿಯ ಏರಿಕೆಯ ಕ್ರಮ ಕೇಳಿದರೆ ಎರಡು ಹಂತದಲ್ಲಿ ಯೋಚಿಸಿ. ಮೊದಲು ಗುಂಪುಗಳನ್ನು ಬೇರ್ಪಡಿಸಿ: ಹ್ಯಾಲೋಜನ್‌ಗಳು ಒಂದೇ ಎಲೆಕ್ಟ್ರಾನಿನಿಂದ ಪೂರ್ಣ ಕವಚ ಪಡೆಯುವುದರಿಂದ ಎರಡೂ ಮೇಲೆ ಬರುತ್ತವೆ. ಆಮೇಲೆ ಪ್ರತಿ ಗುಂಪಿನೊಳಗೆ ಇಕ್ಕಟ್ಟನ್ನು ಹಚ್ಚಿ. O < S < F < Cl ಎಂಬುದು ತಾನಾಗಿ ಬರುತ್ತದೆ.

ಫ್ಲೋರಿನ್ನಿನ ವಿಷಯದಲ್ಲಿ ಇನ್ನೂ ಎರಡು ಮಾತು ಹೇಳಲೇಬೇಕು, ಏಕೆಂದರೆ ಒಳ್ಳೆಯ ವಿದ್ಯಾರ್ಥಿಗಳೂ ಇಲ್ಲಿ ತಬ್ಬಿಬ್ಬಾಗುವುದನ್ನು ನೋಡಿದ್ದೇನೆ. ಕ್ಲೋರಿನ್ ಹೆಚ್ಚು ಶಕ್ತಿ ಬಿಡುವುದಾದರೆ ಅದರ ವಿದ್ಯುದೃಣತೆಯೂ ಹೆಚ್ಚಿರಬೇಕಲ್ಲವೇ ಎಂಬುದು ಮೊದಲ ಪ್ರಶ್ನೆ. ಇಲ್ಲ. ಗಳಿಕೆ ಎಂಥಾಲ್ಪಿ ಅನಿಲ ರೂಪದ ಒಂಟಿ ಪರಮಾಣುವಿಗೆ ಇಡೀ ಎಲೆಕ್ಟ್ರಾನೊಂದು ಸೇರಿದಾಗಿನ ಅಳತೆ. ವಿದ್ಯುದೃಣತೆ ಬಂಧದೊಳಗೆ ಹಂಚಿಕೊಂಡ ಜೋಡಿಯನ್ನು ತನ್ನೆಡೆಗೆ ಎಳೆಯುವ ಪ್ರವೃತ್ತಿ. ಪೌಲಿಂಗ್ ಮಾಪಕದಲ್ಲಿ ಫ್ಲೋರಿನ್ 4.0 ಪಡೆದು ಎಲ್ಲರಿಗಿಂತ ಮೇಲೇ ಇದೆ. ಎರಡನೆಯ ಪ್ರಶ್ನೆ: ಹಾಗಾದರೆ ಫ್ಲೋರಿನ್ ಹೇಗೆ ಕ್ಲೋರಿನ್ನಿಗಿಂತ ಪ್ರಬಲ ಉತ್ಕರ್ಷಣಕಾರಿಯಾಯಿತು? ಉತ್ಕರ್ಷಣ ನಡೆಯುವುದು ಅಣುವಿನಿಂದ, ಬಹುಪಾಲು ನೀರಿನಲ್ಲಿ. ಮೊದಲು ಅಣು ಒಡೆಯಬೇಕು, ಆಮೇಲೆ ಎಲೆಕ್ಟ್ರಾನ್ ಸೇರಬೇಕು, ಕೊನೆಗೆ ಅಯಾನನ್ನು ನೀರು ಸುತ್ತುವರಿಯಬೇಕು. ಫ್ಲೋರಿನ್ ಅಣುವನ್ನು ಒಡೆಯಲು ಬೇಕಾದದ್ದು ಸುಮಾರು 159 ಕಿಲೋಜೂಲ್, ಕ್ಲೋರಿನ್ ಅಣುವಿಗೆ 243. ಚಿಕ್ಕ ಫ್ಲೋರೈಡ್ ಅಯಾನನ್ನು ನೀರು ಸುತ್ತುವರಿದಾಗ ಹೊರಬರುವ ಶಕ್ತಿಯೂ ಕ್ಲೋರೈಡಿನದಕ್ಕಿಂತ ಬಹಳ ಹೆಚ್ಚು. ಮಧ್ಯದ ಹಂತದಲ್ಲಿ ಸೋತ 21 ಕಿಲೋಜೂಲನ್ನು ಈ ಎರಡು ಹಂತಗಳು ತುಂಬಿಕೊಟ್ಟು ಮಿಗಿಸುತ್ತವೆ.

ಇಲ್ಲೊಂದು ಅಂದವಾದ ನಂಟಿದೆ. ಫ್ಲೋರಿನ್ ಅಣುವಿನ ಬಂಧ ದುರ್ಬಲವಾಗಿರುವುದಕ್ಕೂ ಕಾರಣ ಅದೇ ಇಕ್ಕಟ್ಟು: ಎರಡು ಚಿಕ್ಕ ಪರಮಾಣುಗಳು ಹತ್ತಿರ ಬಂದಾಗ ಅವುಗಳ ಒಂಟಿಜೋಡಿಗಳು ಒಂದನ್ನೊಂದು ತಳ್ಳುತ್ತವೆ. ಬಂಧ ಶಕ್ತಿಯ ಕ್ರಮ Cl₂ > Br₂ > F₂ > I₂ ಆಗಿರುವುದು ಹೀಗೆ. ಹಾಳೆಯಲ್ಲಿ ಈ ಎರಡು ಅಪವಾದಗಳನ್ನು ಅಕ್ಕಪಕ್ಕ ಬರೆದು ಒಂದೇ ಆವರಣದಿಂದ ಸೇರಿಸಿ.

ನೈಟ್ರೋಜನ್, ಬೆರಿಲಿಯಂ, ಜಡಾನಿಲಗಳಿಗೆ ಹೊಸ ಕಾರಣ ಬೇಕಿಲ್ಲ. ನೈಟ್ರೋಜನಿಗೆ ಬರುವ ಎಲೆಕ್ಟ್ರಾನ್ ಜೋಡಿಯಾಗಲೇಬೇಕು, ಅದೂ ಇಕ್ಕಟ್ಟಾದ ಕವಚದಲ್ಲಿ. ಹಾಗಾಗಿ ಅದರ ಮೌಲ್ಯ ಸ್ವಲ್ಪ ಧನಾತ್ಮಕ. ಬೆರಿಲಿಯಂನಲ್ಲಿ 2s ತುಂಬಿದ್ದರಿಂದ ಎಲೆಕ್ಟ್ರಾನ್ 2pಗೆ ಹೋಗಬೇಕು, ಜಡಾನಿಲಗಳಲ್ಲಿ ಮುಂದಿನ ಕವಚಕ್ಕೇ ಹೋಗಬೇಕು. ಎರಡೂ ಕಾರಣ 1ರ ವಿಸ್ತರಣೆ.

ಆರನೆಯ ಹೆಜ್ಜೆ: d ಮತ್ತು f ಎಲೆಕ್ಟ್ರಾನುಗಳ ತೆಳು ಮರೆ

ಕೊನೆಯ ಕಾರಣ, ಅಂದರೆ ಕಾರಣ 4, ‘ತೆಳು ಮರೆ’. s ಮತ್ತು p ಎಲೆಕ್ಟ್ರಾನುಗಳು ಒಳಗಿನ ಕವಚದಲ್ಲಿದ್ದಾಗ ಹೊರಗಿನವರಿಗೆ ಗೋಡೆಯಂತೆ ಅಡ್ಡ ನಿಲ್ಲುತ್ತವೆ. d ಎಲೆಕ್ಟ್ರಾನುಗಳು ತಟ್ಟಿಯಂತೆ, f ಎಲೆಕ್ಟ್ರಾನುಗಳು ಅದಕ್ಕಿಂತಲೂ ತೆಳುವಾದ ಬಲೆಯಂತೆ. ಅವುಗಳ ಮೂಲಕ ನ್ಯೂಕ್ಲಿಯಸ್ಸಿನ ಸೆಳೆತ ಹೊರಗೂ ತಾಗುತ್ತದೆ.

ಗುಂಪು 13ರಲ್ಲಿ ಇದನ್ನು ಪೂರ್ತಿಯಾಗಿ ನೋಡಬಹುದು. ಮೊದಲ ಅಯಾನೀಕರಣ ಎಂಥಾಲ್ಪಿ ಬೋರಾನ್ 801, ಅಲ್ಯೂಮಿನಿಯಂ 577, ಗ್ಯಾಲಿಯಂ 579, ಇಂಡಿಯಂ 558, ಥ್ಯಾಲಿಯಂ 589. ಅಲ್ಯೂಮಿನಿಯಂನಿಂದ ಗ್ಯಾಲಿಯಂಗೆ ಬರುವಾಗ ನ್ಯೂಕ್ಲಿಯಸ್ಸಿಗೆ 18 ಪ್ರೋಟಾನುಗಳು ಸೇರುತ್ತವೆ, ಆದರೆ ಸೇರುವ 18 ಎಲೆಕ್ಟ್ರಾನುಗಳಲ್ಲಿ 10 ಸರಿಯಾಗಿ ಮರೆ ಕಟ್ಟದ 3d ಎಲೆಕ್ಟ್ರಾನುಗಳು. ಹೊಸ ಕವಚ ಸೇರಿದರೂ ಸೆಳೆತ ಅದನ್ನು ಸರಿದೂಗಿಸುತ್ತದೆ. ಗ್ಯಾಲಿಯಂನ ತ್ರಿಜ್ಯ 135 ಪಿಕೊಮೀಟರ್‌ಗೆ ನಿಂತು ಅಲ್ಯೂಮಿನಿಯಂನ 143ಕ್ಕಿಂತ ಚಿಕ್ಕದಾಗುತ್ತದೆ. ಗ್ಯಾಲಿಯಂನಿಂದ ಇಂಡಿಯಂಗೆ ಹೋಗುವಾಗ ಇಬ್ಬರ ಒಳಗೂ ತುಂಬಿದ d ಉಪಕವಚ ಇರುವುದರಿಂದ ಹೊಸ ವಿಶೇಷವೇನಿಲ್ಲ, ಗಾತ್ರ ಹೆಚ್ಚಿ ಎಂಥಾಲ್ಪಿ ಇಳಿಯುತ್ತದೆ. ಥ್ಯಾಲಿಯಂನಲ್ಲಿ 14 4f ಎಲೆಕ್ಟ್ರಾನುಗಳು ಹೊಸದಾಗಿ ಒಳಬಂದು ಮತ್ತೆ ಮರೆ ಹರಿದುಹೋಗುತ್ತದೆ, ಎಂಥಾಲ್ಪಿ ಏರುತ್ತದೆ. ಹೀಗೆ B > Tl > Ga > Al > In ಎಂಬ ವಿಚಿತ್ರವಾಗಿ ಕಾಣುವ ಕ್ರಮ ಎರಡು ಇಳಿತ, ಎರಡು ಏರಿಕೆಯ ಕಥೆಯಾಗಿ ನೆನಪಿನಲ್ಲಿ ನಿಲ್ಲುತ್ತದೆ. ಗುಂಪು 14ರಲ್ಲಿ ತವರ 708, ಸೀಸ 715 ಎಂಬುದಕ್ಕೂ 4f ಎಲೆಕ್ಟ್ರಾನುಗಳೇ ಕಾರಣ.

ತ್ರಿಜ್ಯದ ಮೇಲೆ ಇದೇ 4f ಪರಿಣಾಮಕ್ಕೆ ಲ್ಯಾಂಥನೈಡ್ ಸಂಕೋಚನ ಎಂದು ಹೆಸರು. ಜಿರ್ಕೋನಿಯಂ 160 ಪಿಕೊಮೀಟರ್, ಅದರ ಕೆಳಗಿನ ಹಾಫ್ನಿಯಂ 159. ಗಾತ್ರದಲ್ಲೂ ರಾಸಾಯನಿಕ ವರ್ತನೆಯಲ್ಲೂ ಇವು ಎಷ್ಟು ಹೋಲುತ್ತವೆಂದರೆ ಹಾಫ್ನಿಯಂ ಜಿರ್ಕೋನಿಯಂನ ಅದಿರಿನಲ್ಲೇ ಅಡಗಿಕೊಂಡಿದ್ದು, 1923ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೋಸ್ಟರ್ ಮತ್ತು ಹೆವೆಶಿ ಎಕ್ಸ್-ಕಿರಣಗಳ ಸಹಾಯದಿಂದ ಅದನ್ನು ಗುರುತಿಸುವವರೆಗೆ ಬೆಳಕಿಗೆ ಬರಲಿಲ್ಲ.

ತ್ರಿಜ್ಯದಲ್ಲಿ ಇನ್ನೊಂದು ಎಚ್ಚರಿಕೆ, ಇದು ನಿಜವಾದ ಅಪವಾದವಲ್ಲ. ಪಟ್ಟಿಗಳಲ್ಲಿ ನಿಯಾನ್ ಫ್ಲೋರಿನ್ನಿಗಿಂತ ತುಂಬ ದೊಡ್ಡದಾಗಿ ಕಾಣುವುದು ಅಳತೆಯ ವ್ಯತ್ಯಾಸದಿಂದ: ಫ್ಲೋರಿನ್ನಿಗೆ ಸಹವೇಲೆಂಟ್ ತ್ರಿಜ್ಯ, ಬಂಧವಾಗದ ನಿಯಾನಿಗೆ ವ್ಯಾನ್ ಡರ್ ವಾಲ್ಸ್ ತ್ರಿಜ್ಯ. ಎರಡನ್ನು ಹೋಲಿಸಬಾರದು.

ತುಂಬಿದ ಹಾಳೆ

ಇಷ್ಟು ಆದ ಮೇಲೆ ಹಾಳೆಯ ಮುಖ್ಯ ಭಾಗ ಹೀಗೆ ಕಾಣುತ್ತದೆ.

| ಗುಣ | ಅಪವಾದ | ಅಂಕಿ | ಕಾರಣ |
|---|---|---|---|
| ಮೊದಲ ಅಯಾನೀಕರಣ | Be > B | 899, 801 | 1, ಆರ್ಬಿಟಲ್ ಬದಲು |
| ಮೊದಲ ಅಯಾನೀಕರಣ | Mg > Al | 737, 577 | 1, ಆರ್ಬಿಟಲ್ ಬದಲು |
| ಮೊದಲ ಅಯಾನೀಕರಣ | N > O | 1402, 1314 | 2, ಜೋಡಿ |
| ಎರಡನೆಯ ಅಯಾನೀಕರಣ | O > F | 3388, 3374 | 2, ಜೋಡಿ |
| ಎಲೆಕ್ಟ್ರಾನ್ ಗಳಿಕೆ | Cl > F | 349, 328 | 3, ಇಕ್ಕಟ್ಟು |
| ಎಲೆಕ್ಟ್ರಾನ್ ಗಳಿಕೆ | S > O | 200, 141 | 3, ಇಕ್ಕಟ್ಟು |
| ಬಂಧ ಶಕ್ತಿ | Cl₂ > F₂ | 243, 159 | 3, ಇಕ್ಕಟ್ಟು |
| ತ್ರಿಜ್ಯ | Al > Ga | 143, 135 | 4, ತೆಳು ಮರೆ (3d) |
| ಮೊದಲ ಅಯಾನೀಕರಣ | Tl > In | 589, 558 | 4, ತೆಳು ಮರೆ (4f) |
| ತ್ರಿಜ್ಯ | Zr ≈ Hf | 160, 159 | 4, ತೆಳು ಮರೆ (4f) |

ಏಳನೆಯ ಹೆಜ್ಜೆ: ಹಾಳೆಯನ್ನು ಪರೀಕ್ಷಿಸುವುದು

ಬಲ ಅಂಚನ್ನು ಮಡಚಿ ಕಾರಣಗಳನ್ನು ಮುಚ್ಚಿ, ಪ್ರತಿ ಸಾಲಿಗೂ ಕಾರಣವನ್ನು ಒಂದು ಪೂರ್ಣ ವಾಕ್ಯದಲ್ಲಿ ಬಾಯಲ್ಲಿ ಹೇಳಿ. ‘ಜೋಡಿ’ ಎಂಬ ಒಂದೇ ಪದ ಬಂದರೆ ಸಾಲದು. ಯಾವ ಎಲೆಕ್ಟ್ರಾನ್, ಯಾವ ಆರ್ಬಿಟಲ್ ಎಂಬುದು ವಾಕ್ಯದಲ್ಲಿ ಇರಬೇಕು. ಮರುದಿನ ಎರಡನೆಯ ಕಂಬಸಾಲನ್ನು ಮುಚ್ಚಿ, ಕಾರಣವನ್ನಷ್ಟೇ ನೋಡಿ ಅದರಡಿ ಬರುವ ಜೋಡಿಗಳನ್ನು ಬರೆಯಿರಿ. ಮೊದಲ ದಿಕ್ಕಿನಲ್ಲಿ ಹೇಳಬಲ್ಲವರು ಎರಡನೆಯದರಲ್ಲಿ ತಡವರಿಸುವುದುಂಟು. ತಡವರಿಸಿದ ಸಾಲಿಗೆ ಪೆನ್ಸಿಲ್ ಗುರುತು ಹಾಕಿ, ಆ ಸಾಲನ್ನು ಮಾತ್ರ ಮತ್ತೆ ಓದಿ.

ಆಮೇಲೆ ಹಳೆಯ ಪ್ರಶ್ನೆಪತ್ರಿಕೆಗಳಿಂದ ಕ್ರಮ ಕೇಳುವ ಹತ್ತು ಪ್ರಶ್ನೆಗಳನ್ನು ಆರಿಸಿಕೊಂಡು ಗಡಿಯಾರ ಇಟ್ಟು ಬಿಡಿಸಿ. ಸಿಇಟಿಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ಬಿಡಿಸುವಾಗ ಪ್ರತಿ ಬಾರಿಯೂ ಮೊದಲು ಬಾಣದ ಪ್ರಕಾರ ಕ್ರಮ ಬರೆದು, ಆಮೇಲೆ ಕೊಟ್ಟ ಧಾತುಗಳಲ್ಲಿ ಹಾಳೆಯ ಜೋಡಿ ಯಾವುದಾದರೂ ಇದೆಯೇ ಎಂದು ಹುಡುಕಿ, ಇದ್ದರೆ ಅದನ್ನು ಮಾತ್ರ ತಿರುಗಿಸಿ. ತಪ್ಪಾದ ಪ್ರಶ್ನೆಯ ಪಕ್ಕದಲ್ಲಿ 1ರಿಂದ 4ರವರೆಗಿನ ಯಾವ ಕಾರಣ ಕೈತಪ್ಪಿತು ಎಂದು ಅಂಕಿ ಬರೆದಿಡಿ. ಕಾರಣ ಗೊತ್ತಿದ್ದೂ ಚಿಹ್ನೆಯಲ್ಲೋ ‘ಏರಿಕೆ’, ‘ಇಳಿಕೆ’ ಪದಗಳಲ್ಲೋ ತಪ್ಪಿದ್ದರೆ ಸೊನ್ನೆ ಬರೆಯಿರಿ. ಹತ್ತರಲ್ಲಿ ಸೊನ್ನೆಗಳೇ ಹೆಚ್ಚಿದ್ದರೆ ಹಾಳೆಯನ್ನು ಮತ್ತೆ ಓದುವ ಅಗತ್ಯವಿಲ್ಲ, ಪ್ರಶ್ನೆಯನ್ನು ನಿಧಾನವಾಗಿ ಓದಬೇಕು. ಒಂದೇ ಅಂಕಿ ಮೂರು ಸಲ ಬಂದಿದ್ದರೆ ಮೇಲಿನ ಆ ಒಂದು ಹೆಜ್ಜೆಗೆ ಮರಳಿ ಅದರ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಮತ್ತೊಮ್ಮೆ ಎಳೆಯಿರಿ.